ಎಳ್ಳು ಬೀರುವುದು ಯಾಕೆ, ಬೆಲ್ಲ ಅಂಟುವುದು ಯಾಕೆ

ಪ್ರಶ್ನೆ: ನಾನು ಹತ್ತನೇ ತರಗತಿ, ಊರು ಮೈಸೂರು. ಸಂಕ್ರಾಂತಿ ಸಂಜೆ ಅಮ್ಮ ಇಪ್ಪತ್ತು ಮನೆಗೆ ಎಳ್ಳು ಬೀರಿ ಬಾ ಅಂತ ಕಳಿಸ್ತಾರೆ. ನಾವು ಅಂಗಡಿ ಪ್ಯಾಕೆಟ್ ಕೊಡ್ತೀವಿ, ಅವರೂ ಅಂಗಡಿ ಪ್ಯಾಕೆಟ್ ಕೊಡ್ತಾರೆ. ಇದಕ್ಕೇನರ್ಥ? ಕೇಳಿದರೆ ‘ಎಳ್ಳಲ್ಲಿ ಕ್ಯಾಲ್ಸಿಯಂ ಇದೆ, ಚಳಿಗೆ ಮೈ ಬೆಚ್ಚಗಿಡುತ್ತೆ, ಹಿರಿಯರು ವೈಜ್ಞಾನಿಕವಾಗಿ ಮಾಡಿದ್ದು’ ಅಂತಾರೆ. ನಿಜವಾ? ತಮ್ಮನನ್ನು ಯಾಕೆ ಕಳಿಸಲ್ಲ? ಹೋದ ವರ್ಷ ನಾನೇ ಮನೇಲಿ ಮಾಡಿದೆ, ಬೆಳಗಾಗೋದರೊಳಗೆ ಡಬ್ಬಿಯಲ್ಲಿ ಎಲ್ಲ ಅಂಟಿ ಮುದ್ದೆಯಾಗಿತ್ತು. ಮತ್ತೆ ನನ್ನ ಗೆಳತಿಗೆ ಕಡಲೆಕಾಯಿ ಅಲರ್ಜಿ. ಅವಳಿಗೆ ಏನು ಕೊಡಲಿ?

ಉತ್ತರ: ಮೊದಲು ಕ್ಯಾಲ್ಸಿಯಂ ಲೆಕ್ಕ ಮುಗಿಸಿಬಿಡೋಣ. ಎಳ್ಳಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಅನ್ನುವುದು ಸಿಪ್ಪೆ ಇರುವ ಎಳ್ಳಿನ ಮಟ್ಟಿಗೆ ನಿಜ. 100 ಗ್ರಾಂನಲ್ಲಿ ಸುಮಾರು 975 ಮಿಲಿಗ್ರಾಂ ಇರುತ್ತದೆ. ಆದರೆ ಅದರ ಬಹುಪಾಲು ಇರುವುದು ಸಿಪ್ಪೆಯಲ್ಲೇ. ಎಳ್ಳು-ಬೆಲ್ಲಕ್ಕೆ ನಾವು ತರುವುದು ಸಿಪ್ಪೆ ತೆಗೆದು ಬೆಳ್ಳಗೆ ಮಾಡಿದ ಎಳ್ಳು. ಅದರಲ್ಲಿ ಈ ಪ್ರಮಾಣ ನೂರರ ಆಸುಪಾಸಿಗೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಒಂದು ಹಿಡಿ ಎಳ್ಳು-ಬೆಲ್ಲ ಅಂದರೆ ಹೆಚ್ಚೆಂದರೆ 25 ಗ್ರಾಂ. ಅದರಲ್ಲಿ ಎಳ್ಳಿನ ಪಾಲು ಎರಡೂವರೆ ಗ್ರಾಂ. ಸಿಕ್ಕ ಕ್ಯಾಲ್ಸಿಯಂ ಎರಡು ಮೂರು ಮಿಲಿಗ್ರಾಂ. ನಿನ್ನ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000. ಒಂದು ಲೋಟ ಹಾಲಿನಲ್ಲೋ ಒಂದು ರಾಗಿ ಮುದ್ದೆಯಲ್ಲೋ ಇದರ ಎಷ್ಟೋ ಪಟ್ಟು ಸಿಗುತ್ತದೆ. ಸಿಪ್ಪೆ ಸಮೇತ ತಿಂದರೂ ಅಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಜೊತೆ ಗಟ್ಟಿಯಾಗಿ ಕೂಡಿಕೊಂಡಿರುವುದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ.

ಮೈ ಬೆಚ್ಚಗಾಗುವ ಮಾತೂ ಹೀಗೆಯೇ. ಎಳ್ಳು ಉಷ್ಣ ಅನ್ನುವುದು ಆಯುರ್ವೇದ ಪದಾರ್ಥಗಳ ಗುಣ ಹೇಳುವ ರೀತಿ. ಥರ್ಮಾಮೀಟರಿನಲ್ಲಿ ಕಾಣುವ ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಎಳ್ಳು, ಕೊಬ್ಬರಿ, ಕಡಲೆಕಾಯಿ ಮೂರೂ ಎಣ್ಣೆಯ ಪದಾರ್ಥಗಳಾದ್ದರಿಂದ ಒಂದು ಹಿಡಿಗೆ ಸುಮಾರು 130 ಕ್ಯಾಲೊರಿ ಸಿಗುತ್ತದೆ. ಚಳಿಯಲ್ಲಿ ಹೊಲದ ಕೆಲಸ ಮಾಡುವವರಿಗೆ ಅದು ಒಳ್ಳೆಯ ತಿಂಡಿ. ಅದಕ್ಕಿಂತ ಹೆಚ್ಚಿನ ಗುಟ್ಟೇನೂ ಅದರಲ್ಲಿಲ್ಲ. ಆದ್ದರಿಂದ ಯಾರಾದರೂ ‘ವಿಜ್ಞಾನ’ ಹೇಳಿ ನಿನ್ನನ್ನು ಒಪ್ಪಿಸಲು ನೋಡಿದಾಗ ನಿನಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ. ಎಳ್ಳು-ಬೆಲ್ಲಕ್ಕೆ ಆರೋಗ್ಯದ ನೆಪ ಬೇಕಾಗಿಲ್ಲ. ಅದರ ಕಾರಣ ಬೇರೆ ಕಡೆ ಇದೆ, ಅದು ತಟ್ಟೆಯನ್ನು ನೋಡಿದರೇ ತಿಳಿಯುತ್ತದೆ.

ಸುಗ್ಗಿ ಹಬ್ಬ, ಅದಕ್ಕೇ ಹೊಸದಾಗಿ ಬಂದ ಬೆಳೆಯನ್ನು ಹಂಚುತ್ತೇವೆ ಎಂದು ಪಾಠದಲ್ಲಿ ಓದಿರುತ್ತೀಯ. ಇದು ಅರ್ಧ ಮಾತ್ರ ಸರಿ. ಹಳೇ ಮೈಸೂರು ಸೀಮೆಯಲ್ಲಿ ಜನವರಿಯಲ್ಲಿ ಕಣದಲ್ಲಿರುವುದು ಭತ್ತ ಮತ್ತು ರಾಗಿ, ಗದ್ದೆಯಲ್ಲಿ ಕಡಿಯುತ್ತಿರುವುದು ಕಬ್ಬು, ಬೇಲಿಯ ಮೇಲೆ ಹಬ್ಬಿರುವುದು ಅವರೆ. ಎಳ್ಳು ಆಗ ಹೊಲದಲ್ಲೇ ಇರುವುದಿಲ್ಲ. ಅದನ್ನು ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತುತ್ತಾರೆ, ಮೂರು ತಿಂಗಳ ಬೆಳೆ, ಮಳೆಗಾಲ ಮುಗಿಯುವ ಮೊದಲೇ ಮನೆ ಸೇರಿರುತ್ತದೆ. ಕಡಲೆಕಾಯಿ ಬರುವುದು ಕಾರ್ತೀಕದ ಹೊತ್ತಿಗೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತೀಕದ ಕೊನೆಯ ಸೋಮವಾರ, ಅದಕ್ಕೇ. ಹುರಿಗಡಲೆಯಾಗುವ ಕಡಲೆ ಹಿಂಗಾರಿನ ಬೆಳೆ. ಸಂಕ್ರಾಂತಿಯ ದಿನ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಆ ಗಿಡ ಇನ್ನೂ ಹಸಿರಾಗಿ ನಿಂತಿರುತ್ತದೆ. ಅಂದರೆ ನಿನ್ನ ತಟ್ಟೆಯಲ್ಲಿರುವುದು ಹಿಂದಿನ ವರ್ಷದ ಕಡಲೆ. ಕೊಬ್ಬರಿಯದಂತೂ ಇನ್ನೂ ಹಳೆಯ ಕಥೆ. ತಿಪಟೂರು, ಅರಸೀಕೆರೆ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡ ಮೇಲೆ ಒಡೆಯುತ್ತಾರೆ. ಐದರಲ್ಲಿ ಆ ಹೊತ್ತಿಗೆ ನಿಜವಾಗಿ ಹೊಸದು ಅನ್ನಬಹುದಾದದ್ದು ಬೆಲ್ಲ ಒಂದೇ. ಮಂಡ್ಯ ಸೀಮೆಯ ಆಲೆಮನೆಗಳು ಭರ್ತಿ ನಡೆಯುವ ಕಾಲ ಅದು.

ಹಾಗಾದರೆ ತಟ್ಟೆಯಲ್ಲಿರುವುದು ಒಂದು ಬೆಳೆಯ ಸುಗ್ಗಿ ಅಲ್ಲ, ಒಂದಿಡೀ ವರ್ಷದ ಉಗ್ರಾಣ. ಮಳೆಯ ಹೊಲದ್ದು ಒಂದು, ನೀರಾವರಿಯದು ಒಂದು, ತೋಟದ್ದು ಒಂದು, ಎರೆಭೂಮಿಯದು ಒಂದು. ಎಲ್ಲಕ್ಕೂ ಸಮಾನವಾದ ಗುಣ ಒಂದೇ: ಒಣಗಿಸಿದರೆ ಕೆಡದೆ ಉಳಿಯುತ್ತವೆ. ಹೊಸ ಅಕ್ಕಿ, ಹೊಸ ಅವರೆ ಎಲ್ಲವೂ ಮನೆಗೆ ಬಂದಿದ್ದರೂ ಅವುಗಳಿಂದ ಮಾಡಿದ ಪೊಂಗಲ್ಲು, ಹುಗ್ಗಿ, ಅವರೆಕಾಳಿನ ಹುಳಿ ಮನೆಯೊಳಗೇ ಉಂಡು ಮುಗಿಯುತ್ತವೆ. ಹೊಸ್ತಿಲು ದಾಟುವುದು ಎಳ್ಳು-ಬೆಲ್ಲ ಮಾತ್ರ.

ಹೊಸ್ತಿಲು ದಾಟುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮಜ್ಜಿಯನ್ನು ಕೇಳಿದರೆ ‘ಮುಸುರೆ’ ಅಂದರೇನೆಂದು ಹೇಳುತ್ತಾರೆ. ನೀರು ಹಾಕಿ ಬೇಯಿಸಿದ ಅನ್ನ, ಹುಳಿ, ಮುದ್ದೆ ಇವೆಲ್ಲ ಮುಸುರೆ. ಹಿಂದೆ ಯಾರ ಮನೆಯ ಮುಸುರೆಯನ್ನು ಯಾರು ತಿನ್ನಬಹುದು ಎಂಬುದಕ್ಕೆ ಜಾತಿಯ ಕಟ್ಟು, ಮಡಿಯ ಕಟ್ಟು ಬಿಗಿಯಾಗಿದ್ದವು. ನೀರು ಸೋಕದೆ ಹುರಿದದ್ದಕ್ಕೆ, ಬೆಲ್ಲಕ್ಕೆ, ಹಣ್ಣಿಗೆ, ಕಬ್ಬಿಗೆ ಆ ಕಟ್ಟು ಅಷ್ಟಾಗಿ ತಾಗುತ್ತಿರಲಿಲ್ಲ. ಎಳ್ಳು-ಬೆಲ್ಲದಲ್ಲಿ ಒಂದು ಹನಿ ನೀರಿಲ್ಲ, ಎಳ್ಳನ್ನೂ ಕಡಲೆಕಾಯಿಯನ್ನೂ ಬರಿಯ ಬಾಣಲೆಯಲ್ಲಿ ಹುರಿಯುತ್ತಾರೆ, ಉಳಿದದ್ದಕ್ಕೆ ಬಿಸಿಲು ಸಾಕು. ಹೀಗಾಗಿ ಒಬ್ಬರ ಮನೆಯಲ್ಲಿ ಒಬ್ಬರು ಊಟಕ್ಕೆ ಕೂರದಿದ್ದ ಕಾಲದಲ್ಲೂ ಬೀದಿಯ ಈ ಕಡೆಯ ಮನೆಯಿಂದ ಆ ಕಡೆಯ ಮನೆಗೆ ಈ ತಟ್ಟೆ ಹೋಗಿ ಬರುತ್ತಿತ್ತು. ಎಲ್ಲ ಮನೆಗೂ ಹೋಯಿತೆಂದು ಹೇಳಲಾರೆ. ಊರಾಚೆ ಇಡಲಾಗಿದ್ದ ಕೇರಿಗಳ ಬಾಗಿಲಿಗೆ ಮೇಲ್ಜಾತಿಗಳ ತಟ್ಟೆ ಹೋಗುತ್ತಿರಲಿಲ್ಲ, ಅಲ್ಲಿಂದ ಬಂದದ್ದನ್ನು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಈ ಪದ್ಧತಿಯ ಒಳ್ಳೆಯದನ್ನು ಹೇಳುವಾಗ ಇದನ್ನೂ ಹೇಳಲೇಬೇಕು. ಇಂದು ನಿನ್ನ ಇಪ್ಪತ್ತು ಮನೆಗಳ ಪಟ್ಟಿಯನ್ನು ಅಮ್ಮನ ಜೊತೆ ಕೂತು ಒಮ್ಮೆ ನೋಡು. ಅದು ಬರಿಯ ನೆಂಟರ, ಸ್ವಜಾತಿಯವರ ಪಟ್ಟಿಯಾಗಿದ್ದರೆ ಬದಲಿಸುವ ಅವಕಾಶ ನಿನ್ನ ಕೈಯಲ್ಲೇ ಇದೆ.

ಈಗ ಕೊಟ್ಟು ತೆಗೆದುಕೊಳ್ಳುವ ವಿಷಯ. ಇಪ್ಪತ್ತು ಮನೆಗೆ ಕೊಟ್ಟು ಇಪ್ಪತ್ತು ಮನೆಯಿಂದ ಅದೇ ಪದಾರ್ಥವನ್ನು ತಂದರೆ ಸಾಮಾನಿನ ಲೆಕ್ಕದಲ್ಲಿ ಲಾಭ ಸೊನ್ನೆ. ಅದು ಹಾಗೆಯೇ ಇರಬೇಕು. ಎಲ್ಲರ ಬಳಿಯೂ ಇರುವುದನ್ನೇ ಕೊಡುವುದರಿಂದ ದೊಡ್ಡದು ಕೊಟ್ಟವರು, ಸಣ್ಣದು ಕೊಟ್ಟವರು ಎಂಬ ಎಣಿಕೆಗೆ ಎಡೆಯಿಲ್ಲ, ತೀರಿಸಬೇಕಾದ ಋಣವೂ ಉಳಿಯುವುದಿಲ್ಲ. ಖಾಲಿ ತಟ್ಟೆ ಹಿಂದಿರುಗಿಸಬಾರದು ಎಂಬ ರೂಢಿ ಇರುವುದೂ ಇದಕ್ಕೇ. ಉಡುಗೊರೆಯಲ್ಲಿ ಈ ಸಮಾನತೆ ಸುಲಭವಾಗಿ ಸಿಗುವುದಿಲ್ಲ. ಸಾಮಾನು ಅಲ್ಲಿಗಲ್ಲಿಗೆ ಸರಿಹೋದ ಮೇಲೆ ಉಳಿಯುವುದು ನೀನು ಹೋಗಿ ಬಾಗಿಲಲ್ಲಿ ನಿಂತದ್ದು. ಮೂರನೇ ಮನೆಯ ಅಜ್ಜಿ ನಿನ್ನನ್ನು ವರ್ಷಕ್ಕೊಮ್ಮೆಯಾದರೂ ಹತ್ತಿರದಿಂದ ನೋಡುತ್ತಾರೆ, ನೀನು ಅವರ ಹೆಸರು ತಿಳಿದಿರುತ್ತೀಯ, ಅವರ ಕಾಲುನೋವು ಹೆಚ್ಚಾಗಿದೆಯೆಂದು ಬಂದು ಅಮ್ಮನಿಗೆ ಹೇಳುತ್ತೀಯ.

‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಎಂಬ ಮಾತನ್ನು ಬಾಯಿಪಾಠವಾಗಿ ಹೇಳಿಬಿಡುತ್ತೇವೆ. ಉತ್ತರ ಕರ್ನಾಟಕದಲ್ಲಿ ‘ಎಳ್ಳು ಬೆಲ್ಲ ತಗೊಂಡು ಒಳ್ಳೇರಾಗಿರೋಣ’ ಅನ್ನುತ್ತಾರೆ, ಮರಾಠಿಯವರು ‘ತಿಳಗುಳ ಘ್ಯಾ, ಗೋಡ ಗೋಡ ಬೋಲಾ’ ಅನ್ನುತ್ತಾರೆ. ಮೂರು ಕಡೆಯೂ ಒಂದೇ ಕೋರಿಕೆ ಇರುವುದನ್ನು ಗಮನಿಸು. ಮಾತು ಕೆಟ್ಟಿರುವ ಕಡೆ ಇದಕ್ಕೆ ನಿಜವಾದ ಕೆಲಸವಿದೆ. ಗೋಡೆ ಜಗಳ, ನೀರಿನ ಪಾಳಿ, ಆಸ್ತಿಯ ಮನಸ್ತಾಪದಿಂದ ಮಾತು ಬಿಟ್ಟ ಮನೆಗೆ ಬೇರೆ ದಿನ ಹೋಗಬೇಕೆಂದರೆ ‘ತಪ್ಪಾಯಿತು’ ಅನ್ನಬೇಕು. ಸಂಕ್ರಾಂತಿಯ ದಿನ ಏನೂ ಅನ್ನಬೇಕಾಗಿಲ್ಲ. ತಟ್ಟೆ ಹಿಡಿದು ಮಗು ಹೋದರೆ ಸಾಕು. ಅವರು ತಟ್ಟೆ ತುಂಬಿ ಕಳಿಸಿದರೆ ಅಲ್ಲಿಗೆ ಒಂದು ಹೆಜ್ಜೆ ಆಯಿತು. ಯಾರು ಮೊದಲು ಸೋತರು ಎಂಬ ಮಾತೇ ಬರುವುದಿಲ್ಲ.

ಇನ್ನು ನಿನ್ನ ಮುದ್ದೆಯಾದ ಡಬ್ಬಿಗೆ ಬರೋಣ. ಇದು ಅಳತೆಯ ತಪ್ಪಲ್ಲ, ತೇವದ ತಪ್ಪು. ಬೆಲ್ಲದಲ್ಲಿ ಸಕ್ಕರೆಯ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ. ಇವು ಗಾಳಿಯಿಂದ ನೀರಿನಂಶ ಎಳೆದುಕೊಳ್ಳುತ್ತವೆ. ಬೆಲ್ಲ ಮೆತ್ತಗಿದ್ದಷ್ಟೂ ಇವು ಹೆಚ್ಚು. ಸುತ್ತ ಸ್ವಲ್ಪ ಹಬೆ ಸಿಕ್ಕಿದರೆ ತುಂಡಿನ ಮೇಲ್ಮೈ ಕರಗಿ ಪಾಕವಾಗುತ್ತದೆ, ಆ ಪಾಕ ಎಳ್ಳನ್ನೂ ಕೊಬ್ಬರಿಯನ್ನೂ ಹಿಡಿದು ಕಟ್ಟಿಹಾಕುತ್ತದೆ. ಹೆಚ್ಚಿನವರು ಮಾಡುವ ತಪ್ಪೆಂದರೆ ಹುರಿದ ಕಡಲೆಕಾಯಿ ಕೈಗೆ ಬೆಚ್ಚಗಿರುವಾಗಲೇ ಎಲ್ಲವನ್ನೂ ಬೆರೆಸಿ ಮುಚ್ಚಳ ಬಿಗಿಯುವುದು. ಒಳಗಿನ ಬಿಸಿ ಹಬೆಯಾಗಿ ಮುಚ್ಚಳಕ್ಕೆ ತಾಗಿ ನೀರಾಗಿ ಬೆಲ್ಲದ ಮೇಲೆ ಇಳಿಯುತ್ತದೆ. ರಾತ್ರಿ ಬೆರೆಸಿದ್ದು ಬೆಳಗ್ಗೆ ಮುದ್ದೆಯಾಗಿತ್ತು ಅಂದರೆ ನಿನ್ನಲ್ಲೂ ಇದೇ ಆಗಿರುವ ಸಾಧ್ಯತೆ ಹೆಚ್ಚು. ಪೂರ್ತಿ ಒಣಗದ ಕೊಬ್ಬರಿ, ತೊಳೆದು ಸರಿಯಾಗಿ ಒಣಗಿಸದ ಎಳ್ಳು, ಫ್ರಿಜ್ಜಿನಲ್ಲಿಟ್ಟು ಹೊರತೆಗೆದ ಡಬ್ಬಿ, ಇವೂ ಅದೇ ಫಲ ಕೊಡುತ್ತವೆ.

ಇಪ್ಪತ್ತು ಮನೆಗೆ ತಲಾ 50 ಗ್ರಾಂ ಎಂದು ಹಿಡಿದರೆ ಒಂದು ಕಿಲೋ ಬೇಕು. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ ತಲಾ 250 ಗ್ರಾಂ, ಹುರಿಗಡಲೆ 150, ಎಳ್ಳು 100. ಕೊಬ್ಬರಿಯ ಕಂದು ಸಿಪ್ಪೆ ಹೆರೆದರೆ, ಕಡಲೆಕಾಯಿಯ ಸಿಪ್ಪೆ ಹಾರಿಸಿದರೆ ಒಂದಿಷ್ಟು ತೂಕ ಹೋಗುತ್ತದೆ. ಅದಕ್ಕೆ ಇವೆರಡನ್ನೂ 30–40 ಗ್ರಾಂ ಹೆಚ್ಚಿಗೆ ತಗೋ.

ಅಂಗಡಿಯಲ್ಲಿ ಬೆಲ್ಲ ಆರಿಸುವಾಗಲೇ ಅರ್ಧ ಕೆಲಸ ಆಗುತ್ತದೆ. ಅಚ್ಚುಬೆಲ್ಲವನ್ನು ಉಗುರಿನಿಂದ ಒತ್ತಿ ನೋಡು. ಗುರುತು ಬಿದ್ದರೆ, ಬೆರಳಿಗೆ ಜಿಗುಟು ಹತ್ತಿದರೆ ಅದು ಪಾಯಸಕ್ಕೆ ಸರಿ, ಎಳ್ಳು-ಬೆಲ್ಲಕ್ಕೆ ಬೇಡ. ಮುರಿದರೆ ಟಕ್ಕೆಂದು ಮುರಿಯಬೇಕು, ಒಳಗೆ ಹರಳು ಹರಳಾಗಿ ಕಾಣಬೇಕು. ತೀರಾ ತಿಳಿ ಹಳದಿ ಬಣ್ಣಕ್ಕೆ ಮರುಳಾಗಬೇಡ. ಬಣ್ಣ ಬರಲೆಂದು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ತಿಳಿಕಂದು ಬಣ್ಣದ ಗಟ್ಟಿ ಬೆಲ್ಲವೇ ಒಳ್ಳೆಯದು.

ಹಬ್ಬಕ್ಕೆ ನಾಲ್ಕು ದಿನ ಮೊದಲು ಬೆಲ್ಲ ಮತ್ತು ಕೊಬ್ಬರಿ ಹೆಚ್ಚು. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಆಮೇಲೆ ಅಡ್ಡ ಕತ್ತರಿಸಬೇಕು. ಬೆಲ್ಲಕ್ಕೆ ಅಡಕತ್ತರಿಯೇ ಸರಿ. ಚಾಕುವಿನಲ್ಲಿ ಕುಟ್ಟಿದರೆ ಅರ್ಧ ಪುಡಿಯಾಗುತ್ತದೆ, ಆ ಪುಡಿಯೇ ಮೊದಲು ಕರಗಿ ಅಂಟುವುದು. ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ ಅಡುಗೆಗೆ ಬಳಸು. ತುಂಡುಗಳು ಹುರಿಗಡಲೆಯ ಗಾತ್ರಕ್ಕಿರಲಿ. ಇದು ಬರಿಯ ಚೆಂದಕ್ಕಲ್ಲ. ದೊಡ್ಡ ತುಂಡು ಮೇಲೆ ಉಳಿದು ಸಣ್ಣದೆಲ್ಲ ಡಬ್ಬಿಯ ತಳಕ್ಕೆ ಇಳಿದರೆ ಮೊದಲ ಮನೆಗೆ ಬರಿ ಕೊಬ್ಬರಿ, ಕೊನೆಯ ಮನೆಗೆ ಬರಿ ಎಳ್ಳು ಹೋಗುತ್ತದೆ. ಎಳ್ಳು ಹೇಗೂ ತಳಕ್ಕಿಳಿಯುವುದರಿಂದ ಪ್ರತಿ ಸಲ ಕೊಡುವ ಮೊದಲು ಚಮಚದಲ್ಲಿ ತಳದಿಂದ ಒಮ್ಮೆ ಮಗುಚಬೇಕು. ಹೆಚ್ಚಿದ ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಹರಡಿ, ತೆಳುವಾದ ಬಟ್ಟೆ ಮುಚ್ಚಿ, ಎರಡು ಮೂರು ದಿನ ಬಿಸಿಲಿಗಿಡು. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಒಂದು ರಾತ್ರಿ ಹೊರಗೆ ಮರೆತರೆ ಮೂರು ದಿನದ ಬಿಸಿಲು ವ್ಯರ್ಥ. ಬೆಲ್ಲದ ತುಂಡನ್ನು ಅಲ್ಲಾಡಿಸಿದಾಗ ಗಲಗಲ ಸದ್ದು ಬಂದರೆ ಒಣಗಿದೆ ಎಂದರ್ಥ.

ಹಬ್ಬದ ಹಿಂದಿನ ದಿನ ಹುರಿಯುವ ಕೆಲಸ. ಕಡಲೆಕಾಯಿ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಕೈಬಿಡದೆ ಹುರಿಯಬೇಕು. ಉರಿ ಹೆಚ್ಚಿದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಒಂದು ಬೀಜ ಒಡೆದು ನೋಡಿದರೆ ಒಳಗೂ ತಿಳಿಗಂದು ಬಣ್ಣ ಬಂದಿರಬೇಕು. ಪೂರ್ತಿ ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಎರಡು ಬೇಳೆ ಮಾಡು. ಎಳ್ಳಿಗೆ ಎರಡು ಮೂರು ನಿಮಿಷ ಸಾಕು. ಚಟಪಟ ಸಿಡಿಯಲು ಶುರುವಾದ ಕೂಡಲೇ ತಟ್ಟೆಗೆ ಸುರಿದುಬಿಡು, ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಂದಾಗಿ ಕಹಿಯಾಗುತ್ತದೆ. ಹುರಿಗಡಲೆಗೆ ಉರಿ ಬೇಡ, ಒಂದು ಹೊತ್ತು ಬಿಸಿಲು ಕಾಣಿಸಿದರೆ ಆಯಿತು. ಎಲ್ಲವನ್ನೂ ಬೇರೆ ಬೇರೆ ಹರಡಿ, ಅಂಗೈ ಒತ್ತಿದಾಗ ತಣ್ಣಗೆ ತಾಗುವವರೆಗೆ ಬಿಡಬೇಕು. ಅವಸರ ಮಾಡಬೇಡ, ಒಂದೆರಡು ಗಂಟೆ ಬೇಕು. ಬೆಲ್ಲವನ್ನು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಹಬ್ಬದ ಬೆಳಗ್ಗೆಯೇ ಬೆರೆಸು. ಒಣ ಡಬ್ಬಿಯಲ್ಲಿ ಇದು ಮೂರು ವಾರ ಚೆನ್ನಾಗಿರುತ್ತದೆ, ಆಮೇಲೆ ಕೊಬ್ಬರಿ ಕಮಟಲು ಶುರುವಾಗುತ್ತದೆ.

ಬೆರೆಸುವ ಮೊದಲು ಕೊಬ್ಬರಿಯನ್ನೂ ಕಡಲೆಕಾಯಿಯನ್ನೂ ಒಂದೊಂದು ಬಾಯಿಗೆ ಹಾಕಿ ನೋಡಲೇಬೇಕು. ಕಮಟು ಇದ್ದರೆ ಬಿಸಿಲಿಗಿಟ್ಟರೂ ಹೋಗುವುದಿಲ್ಲ, ಇಡೀ ಕಿಲೋ ಕೆಡುತ್ತದೆ. ಹಸಿರು ಅಥವಾ ಕಪ್ಪು ಬೂಷ್ಟು ಕಂಡ ಕಡಲೆಕಾಯಿ, ಕೊಬ್ಬರಿಯನ್ನು ಒರೆಸಿ ಬಳಸಬೇಡ, ಎಸೆದುಬಿಡು. ಅಂಥ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಬರಬಹುದು, ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಇಷ್ಟೆಲ್ಲ ನೋಡಿಯೂ ಮತ್ತೆ ಅಂಟಿಕೊಂಡರೆ ಬೇಸರ ಬೇಡ. ಬರಿಯ ಮೇಲ್ಮೈ ಜಿಗುಟಾಗಿದ್ದರೆ ಕಾಗದದ ಮೇಲೆ ಹರಡಿ ಬಿಸಿಲಿಗಿಟ್ಟು ಬಿಡಿಸಬಹುದು. ಪೂರ್ತಿ ಮುದ್ದೆಯಾಗಿದ್ದರೆ ಒಂದಿಷ್ಟು ಹುರಿದ ಎಳ್ಳು ಸೇರಿಸಿ ಒರಳಿನಲ್ಲಿ ಕುಟ್ಟಿ ಚಿಗಳಿಯಂತೆ ಉಂಡೆ ಕಟ್ಟು. ಅದನ್ನು ಬೀರಿದರೂ ಯಾರೂ ಬೇಡ ಅನ್ನುವುದಿಲ್ಲ.

ತಮ್ಮನ ಪ್ರಶ್ನೆ ನ್ಯಾಯವಾದದ್ದು. ಹಳೇ ಮೈಸೂರು ಕಡೆ ಎಳ್ಳಿನ ಜೊತೆ ಅರಿಶಿನ ಕುಂಕುಮ, ವೀಳ್ಯದೆಲೆಯೂ ಹೋಗುವುದರಿಂದ ಇದು ಹೆಂಗಸರ, ಹೆಣ್ಣುಮಕ್ಕಳ ಕೆಲಸವಾಯಿತು. ಅದರಿಂದಲೇ ಗಂಡ ತೀರಿಕೊಂಡ ಹೆಂಗಸರ ಮನೆಯನ್ನು ಎಷ್ಟೋ ಕಡೆ ದಾಟಿಕೊಂಡು ಹೋಗುವ ಕ್ರೂರ ರೂಢಿಯೂ ಬಂತು. ಎಳ್ಳು-ಬೆಲ್ಲಕ್ಕೂ ಕುಂಕುಮಕ್ಕೂ ಬಿಡಿಸಲಾಗದ ನಂಟೇನೂ ಇಲ್ಲ. ವಿಜಯಪುರ, ಬೆಳಗಾವಿ ಕಡೆ ಗಂಡಸರು, ಹುಡುಗರು, ಮುದುಕರು ಎಲ್ಲರೂ ಎಳ್ಳು-ಬೆಲ್ಲ, ಕುಸುರೆಳ್ಳು ಕೊಡುತ್ತಾರೆ. ಕಿರಿಯರು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ನಿನ್ನ ತಮ್ಮ ಹತ್ತು ಮನೆ, ನೀನು ಹತ್ತು ಮನೆ ಹಂಚಿಕೊಂಡರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ ಇದ್ದರೆ ಮೊದಲು ಅವರ ಮನೆಗೇ ಹೋಗು. ಎಳ್ಳನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅನ್ನುವವರು ಸಿಗಬಹುದು. ಪಿತೃಕಾರ್ಯಕ್ಕೆ, ಶನಿಗೆ ಕರಿ ಎಳ್ಳು ಬಳಸುವುದರಿಂದ ಬಂದ ಅಳುಕು ಅದು. ವಾದ ಮಾಡಬೇಡ, ಬಟ್ಟಲಿಗೆ ಹಾಕಿಕೊಡು, ಕೈಗಿಂತ ಅದು ಶುಚಿ ಕೂಡ.

ಗೆಳತಿಯ ವಿಷಯದಲ್ಲಿ ಮಾತ್ರ ತುಂಬ ಕಟ್ಟುನಿಟ್ಟಾಗಿರು. ಬೆರೆಸಿದ್ದರಿಂದ ಕಡಲೆಕಾಯಿ ಆರಿಸಿ ತೆಗೆದು ಕೊಟ್ಟರೆ ಆಗುವುದಿಲ್ಲ. ಅದೇ ಬಾಣಲೆ, ಅದೇ ಮೊರ, ಅದೇ ಕೈಗೆ ಅಂಟಿದ ಪುಡಿಯೇ ಅಲರ್ಜಿ ಇರುವವರಿಗೆ ಸಾಕು. ಎಳ್ಳಿಗೂ ಅಲರ್ಜಿ ಇರುವವರಿದ್ದಾರೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಮುಖ್ಯ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಿ, ಪೊಟ್ಟಣದ ಮೇಲೆ ನಮೂದಿಸುವುದನ್ನು ಕಡ್ಡಾಯ ಮಾಡಿದ್ದಾರೆ. ಅಲ್ಲಿನ ಕನ್ನಡದ ಮನೆಗಳು ಮಕ್ಕಳ ಕೈಯಲ್ಲಿ ಎಳ್ಳು-ಬೆಲ್ಲವನ್ನು ಶಾಲೆಗೆ ಕಳಿಸುವ ಮೊದಲು ಇದನ್ನು ನೆನಪಿಡಬೇಕು. ನಿನ್ನ ಗೆಳತಿಗೆ ಯಾವುದು ಆಗುತ್ತದೆಂದು ಅವಳ ಅಮ್ಮನನ್ನೇ ಕೇಳು. ಕೆಲವರಿಗೆ ಬೇರೆ ದ್ವಿದಳ ಧಾನ್ಯವೂ ಆಗುವುದಿಲ್ಲ, ಆದ್ದರಿಂದ ಹುರಿಗಡಲೆಯನ್ನೂ ಕೇಳಿಯೇ ಹಾಕಬೇಕು. ನಿಶ್ಚಿಂತೆಯ ದಾರಿ ಅಂದರೆ ಅವಳಿಗೆ ಸಿಪ್ಪೆ ಇರುವ ಕಬ್ಬಿನ ಜಲ್ಲೆಯ ತುಂಡು, ಬಾಳೆಹಣ್ಣು, ಎಳಚಿ ಹಣ್ಣು ಕೊಡುವುದು. ಸಂಕ್ರಾಂತಿಯ ತಟ್ಟೆಯಲ್ಲಿ ಇವೂ ಇರಬೇಕಾದವೇ, ಕಡಿಮೆಯೇನಲ್ಲ. ಆಕಸ್ಮಾತ್ ಏನಾದರೂ ತಿಂದು ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಮೂರು ಸಣ್ಣ ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ, ಹುರಿಗಡಲೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿಯೇ ಕೊಡಬೇಕು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ, ಅವರಿಗೆ ಬೆಲ್ಲ ಬೆರೆಸದ್ದನ್ನು ಒಂದಿಷ್ಟು ಬೇರೆ ಇಟ್ಟಿರು. ನಿನ್ನ ಹಲ್ಲಿಗೆ ತಂತಿ ಹಾಕಿಸಿದ್ದರೆ ಕಬ್ಬು ಸಿಗಿದು ತಿನ್ನಬೇಡ, ಕಟ್ಟು ಕಿತ್ತುಬರುತ್ತದೆ.

ಪ್ಯಾಕೆಟ್ಟಿನ ಮಾತು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ನಿನ್ನ ಬೇಸರದ ಮೂಲ ಅದೇ ಎಂದು ನನಗನಿಸುತ್ತದೆ. ಅಂಗಡಿಯದು ತಂದರೆ ತಪ್ಪಿಲ್ಲ. ಪ್ಯಾಕ್ ಮಾಡಿದ ದಿನ ನೋಡಿ, ಒಂದನ್ನು ಒಡೆದು ರುಚಿ ನೋಡಿ ಆಮೇಲೆ ಉಳಿದದ್ದು ಕೊಳ್ಳಬೇಕು, ಅಷ್ಟೆ. ತೊಂದರೆ ಇರುವುದು ಮುಚ್ಚಿದ ಪ್ಯಾಕೆಟ್ಟು ಒಡೆಯದೆಯೇ ಮನೆಯಿಂದ ಮನೆಗೆ ಸುತ್ತುವುದರಲ್ಲಿ. ತೆಗೆದುಕೊಂಡವರು ತಿನ್ನುವುದಿಲ್ಲ, ಕೊಟ್ಟವರು ನಿಲ್ಲುವುದಿಲ್ಲ. ಅದನ್ನು ಸರಿಪಡಿಸಲು ನಿನಗೆ ಎರಡು ದಾರಿಗಳಿವೆ. ಒಂದು, ಡಬ್ಬಿಯಲ್ಲಿ ಬಿಡಿಯಾಗಿ ಒಯ್ದು, ಒಣ ಚಮಚದಲ್ಲಿ ಅವರ ಬಟ್ಟಲಿಗೆ ಹಾಕುವುದು. ಆಗ ಅಲ್ಲೇ ನಾಲ್ಕು ಕಾಳು ಬಾಯಿಗೆ ಹೋಗುತ್ತದೆ, ಎರಡು ಮಾತು ಬರುತ್ತದೆ. ಆದರೆ ಮನೆಗೆ ಐದು ಹತ್ತು ನಿಮಿಷ ಹಿಡಿಯುತ್ತದೆ, ಇಪ್ಪತ್ತು ಮನೆ ಒಂದು ಸಂಜೆಗೆ ಆಗುವುದಿಲ್ಲ. ಇನ್ನೊಂದು, ಕಾಗದದ ಪೊಟ್ಟಣ ಕಟ್ಟಿ ಎಲ್ಲ ಮನೆಗೂ ಕೊಟ್ಟು ಬರುವುದು. ಇದು ಬೇಗ ಆಗುತ್ತದೆ, ಆದರೆ ಈಗ ಆಗುತ್ತಿರುವುದೇ ಮತ್ತೆ ಆಗುವ ಅಪಾಯವಿದೆ. ನನ್ನನ್ನು ಕೇಳಿದರೆ ಪಟ್ಟಿಯನ್ನು ಎಂಟು ಮನೆಗೆ ಇಳಿಸಿ ಮೊದಲನೆಯದನ್ನು ಮಾಡು. ಉಳಿದವರಿಗೆ ಅಮ್ಮ ಮರುದಿನ, ರಥಸಪ್ತಮಿಯವರೆಗೂ ಕೊಡಬಹುದು. ಅನೇಕ ಮನೆಗಳಲ್ಲಿ ಆ ರೂಢಿ ಇದೆ.

ಆ ಎಂಟರಲ್ಲಿ ಒಂದು ಜಾಗವನ್ನು ಶಾಲೆಯಲ್ಲಿ ನೀನು ಮಾತು ಬಿಟ್ಟಿರುವ ಯಾರಿಗಾದರೂ ಇಟ್ಟುಕೊಳ್ಳಬಹುದು. ಅಂಥವರು ಇದ್ದರೆ ಮಾತ್ರ. ಹಾಗೆ ಹೋಗುವುದಾದರೆ ನೀನೇ ಹೋಗು, ಬೇರೆಯವರ ಕೈಯಲ್ಲಿ ಕಳಿಸಬೇಡ. ಫೋಟೋ ತೆಗೆದು ಎಲ್ಲಿಯೂ ಹಾಕಬೇಡ. ಹಳೆಯ ವಿಷಯ ಎತ್ತದೆ ಕೊಟ್ಟು ಬಾ. ಅವರು ಬೇಡ ಅನ್ನಬಹುದು, ಅನ್ನುವ ಹಕ್ಕು ಅವರಿಗಿದೆ, ಆಗ ಒತ್ತಾಯ ಮಾಡದೆ ‘ಸರಿ’ ಎಂದು ಹೊರಟುಬಿಡು. ನಿನಗೆ ಹಿಂಸೆ ಕೊಟ್ಟವರು, ನೀನು ಹೆದರುವವರು ಆಗಿದ್ದರೆ ಅವರ ಮನೆಗೆ ಹೋಗಲೇಬೇಡ. ಒಳ್ಳೆ ಮಾತು ಆಡಬೇಕಾದದ್ದು ಅಲ್ಲಿ ಅವರು, ನೀನಲ್ಲ.